ಹೂವಿನ ರೀಲ್‌ಗೆ ಬಂದವರಲ್ಲಿ ಉಳಿದವರೆಷ್ಟು? ಫಾಲೋವರ್ ಲೆಕ್ಕ ನೋಡುವ ಬಗೆ

ಚಿಕ್ಕಮಗಳೂರಿನಿಂದ ಆಲ್ದೂರಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮಣ್ಣನ ತೋಟ ಇದೆ. ಅತ್ತಿಗೆ ಮನೆಯಲ್ಲೇ ಕಾಫಿಬೀಜ ಹುರಿದು, ಪುಡಿ ಮಾಡಿ, ಇನ್‌ಸ್ಟಾಗ್ರಾಂ ಪುಟದ ಮೂಲಕ ಮಾರುತ್ತಾರೆ. ಪುಟದ ಲೆಕ್ಕಪತ್ರ ನನ್ನದು. ಈ ವರ್ಷ ಮಾರ್ಚ್ ಮೊದಲ ವಾರ ಹೂಮಳೆ ಬಿತ್ತು. ವಾರ ಕಳೆಯುವಷ್ಟರಲ್ಲಿ ರೋಬಸ್ಟಾ ತೋಟ ಪೂರ್ತಿ ಬೆಳ್ಳಗಾಗಿ, ಮನೆಯ ಒಳಗೆಲ್ಲ ಹೂವಿನ ವಾಸನೆ. ಅತ್ತಿಗೆ ಬೆಳಿಗ್ಗೆ ಆರೂವರೆಗೆ ಗಿಡಗಳ ಸಾಲಿನ ನಡುವೆ ನಡೆಯುತ್ತಾ 22 ಸೆಕೆಂಡಿನ ಒಂದು ರೀಲ್ ಮಾಡಿದರು. ಹಾಡು ಇಲ್ಲ, ಮಾತು ಇಲ್ಲ, ಜೇನ್ನೊಣಗಳ ಸದ್ದು ಮಾತ್ರ. ಅದು ಎಲ್ಲೆಲ್ಲಿಗೋ ಹೋಯಿತು. ಮಾರ್ಚ್ 1ಕ್ಕೆ 1,912 ಇದ್ದ ಫಾಲೋವರ್‌ಗಳು ಏಪ್ರಿಲ್ 1ಕ್ಕೆ 5,012 ಆದರು.

ಏಪ್ರಿಲ್ ಪೂರ್ತಿ ಆ ಸಂಖ್ಯೆ ಇಳಿಯುತ್ತಲೇ ಹೋಯಿತು. ಮೇ 1ಕ್ಕೆ 4,747. ಅತ್ತಿಗೆಗೆ ನಿದ್ದೆ ಹಾರಿತು. "ನಾನೇನು ತಪ್ಪು ಮಾಡಿದೆ ಅಂತ ಜನ ಬಿಟ್ಟು ಹೋಗ್ತಿದ್ದಾರೆ?" ಅಂತ ದಿನಾ ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೋಂಸ್ಟೇ, ಕಾಳುಮೆಣಸು, ಜೇನುತುಪ್ಪ, ಊರಿನ ಸುದ್ದಿ, ಯಾವ ಪುಟ ನಡೆಸುವವರಿಗೂ ಇದೇ ಕ್ರಮ ಸಾಕು. ತಿಂಗಳಿಗೊಮ್ಮೆ ಅರ್ಧ ದಿನ ಕೂತರೆ ಆಗುತ್ತದೆ.

ಮೊದಲು ಪಟ್ಟಿ ಕೈಗೆ ಬರಲಿ

ನಿಮ್ಮದು ಪ್ರೊಫೆಷನಲ್ ಖಾತೆಯಾಗಿದ್ದರೆ ಇನ್‌ಸೈಟ್ಸ್‌ನ ಫಾಲೋವರ್ ಭಾಗದಲ್ಲಿ ಎಷ್ಟು ಜನ ಬಂದರು, ಎಷ್ಟು ಜನ ಅನ್‌ಫಾಲೋ ಮಾಡಿದರು ಅನ್ನುವುದು ಕಾಣುತ್ತದೆ. ಯಾವ ಊರಿನವರು ಹೆಚ್ಚು, ಯಾವ ವಯಸ್ಸಿನವರು ಹೆಚ್ಚು ಅನ್ನುವುದೂ ಅಲ್ಲೇ ಇದೆ. ಆದರೆ ಹೋದವರು ಯಾರು, ಯಾವಾಗ ಬಂದಿದ್ದವರು ಅನ್ನುವುದನ್ನು ಅದು ಹೇಳುವುದಿಲ್ಲ. ಅಸಲಿ ವಿಷಯ ಇರುವುದು ಅಲ್ಲೇ. ಹತ್ತು ವರ್ಷದ ಗಿರಾಕಿ ಹೋದರೂ ಒಂದು, ನಿನ್ನೆ ಹೂ ನೋಡಿ ಬಂದವರು ಹೋದರೂ ಒಂದು ಅಂತ ಇನ್‌ಸೈಟ್ಸ್ ಎಣಿಸುತ್ತದೆ.

ಹಾಗಾಗಿ ಹೆಸರಿನ ಪಟ್ಟಿಯೇ ಬೇಕು. ಇದಕ್ಕೆಂದು "ಯಾರು ಅನ್‌ಫಾಲೋ ಮಾಡಿದರು ತೋರಿಸುತ್ತೇವೆ" ಅನ್ನುವ ಆ್ಯಪ್‌ಗಳು ಬೇಕಾದಷ್ಟಿವೆ. ಅವುಗಳ ಹತ್ತಿರ ಹೋಗಬೇಡಿ. ಬಹಳಷ್ಟು ಆ್ಯಪ್‌ಗಳು ನಿಮ್ಮ ಇನ್‌ಸ್ಟಾಗ್ರಾಂ ಪಾಸ್‌ವರ್ಡನ್ನೇ ಕೇಳುತ್ತವೆ. ಕೊಟ್ಟರೆ ಪುಟವನ್ನೇ ಬೇರೆಯವರ ಕೈಗೆ ಕೊಟ್ಟಂತೆ. 2018ರ ನವೆಂಬರ್‌ನಲ್ಲಿ ಇಂಥ ಹೊರಗಿನ ಆ್ಯಪ್‌ಗಳಿಂದ ಬಂದ ಸುಳ್ಳು ಲೈಕ್, ಫಾಲೋಗಳನ್ನು ತೆಗೆದುಹಾಕುತ್ತೇವೆ ಅಂತ ಇನ್‌ಸ್ಟಾಗ್ರಾಂ ಘೋಷಿಸಿತ್ತು. ಅಂಥ ಆ್ಯಪ್‌ಗೆ ಪಾಸ್‌ವರ್ಡ್ ಕೊಟ್ಟ ಖಾತೆಗಳಿಗೆ ಪಾಸ್‌ವರ್ಡ್ ಬದಲಿಸಲು ಸೂಚನೆಯೂ ಹೋಗಿತ್ತು.

ಅವುಗಳ ಅಗತ್ಯವೂ ಇಲ್ಲ. ಪಟ್ಟಿಯನ್ನು ಇನ್‌ಸ್ಟಾಗ್ರಾಂ ತಾನೇ ಕೊಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ `Accounts Center` ತೆರೆದು, `Your information and permissions` ಒಳಗೆ ಹೋಗಿ, ಮಾಹಿತಿ ಡೌನ್‌ಲೋಡ್ ಅಥವಾ ಎಕ್ಸ್‌ಪೋರ್ಟ್ ಮಾಡುವ ಆಯ್ಕೆ ಒತ್ತಿ. ಎಲ್ಲವನ್ನೂ ಕೇಳಬೇಡಿ, `Followers and following` ಒಂದೇ ಸಾಕು. ಮುಂದೆ ಎರಡು ಕಡೆ ಎಚ್ಚರ ಬೇಕು. ಫೈಲಿನ ಬಗೆ `JSON` ಇರಲಿ. ದಿನಾಂಕದ ಅವಧಿ `All time` ಇರಲಿ. ಈ ಎರಡನೆಯದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಅವಧಿಯನ್ನು ಒಂದು ವರ್ಷ ಅಂತ ಬಿಟ್ಟಿದ್ದೆ, ಪಟ್ಟಿಯಲ್ಲಿ ಆ ವರ್ಷದಲ್ಲಿ ಬಂದವರು ಮಾತ್ರ ಇದ್ದರು. ಹಿಂದಿನ ತಿಂಗಳ ಪಟ್ಟಿಗೆ ಹೋಲಿಸಿದಾಗ ಹಳೇ ಗಿರಾಕಿಗಳೆಲ್ಲ ಒಂದೇ ಸಲಕ್ಕೆ ಬಿಟ್ಟುಹೋದ ಹಾಗೆ ಕಂಡು ಎದೆ ಧಸಕ್ಕೆಂದಿತ್ತು. ಪಟ್ಟಿ ಬಂದ ಕೂಡಲೇ ಅದರಲ್ಲಿರುವ ಹೆಸರುಗಳ ಸಂಖ್ಯೆಯನ್ನು ಪುಟದ ಮೇಲೆ ಕಾಣುವ ಫಾಲೋವರ್ ಸಂಖ್ಯೆಗೆ ತಾಳೆ ನೋಡಿ. ಅಷ್ಟಿಷ್ಟು ವ್ಯತ್ಯಾಸ ಇದ್ದರೆ ಚಿಂತೆಯಿಲ್ಲ. ನೂರಾರು ಕಡಿಮೆ ಇದ್ದರೆ ಅವಧಿ ತಪ್ಪಿದೆ ಅಂತಲೇ ಅರ್ಥ.

ಬಂದ ಫೈಲಿನೊಳಗೆ `followers_1.json` ಅಂತ ಒಂದಿರುತ್ತದೆ. ಫಾಲೋವರ್‌ಗಳು ಹೆಚ್ಚಿದ್ದರೆ `followers_2.json` ಕೂಡ ಇರಬಹುದು. ಅದರಲ್ಲಿ ಪ್ರತಿ ಫಾಲೋವರ್‌ನ ಹೆಸರು, ಅವರು ಫಾಲೋ ಮಾಡಿದ ಹೊತ್ತು, ಇವೆರಡೂ ಇವೆ. ಲ್ಯಾಪ್‌ಟಾಪಿನಲ್ಲಿ `jq` ಅನ್ನುವ ಪುಟ್ಟ ಪ್ರೋಗ್ರಾಂ ಹಾಕಿಕೊಂಡಿದ್ದರೆ ಒಂದೇ ಸಾಲಿನಲ್ಲಿ ಎರಡು ಕಾಲಂ ಮಾಡಿಕೊಳ್ಳಬಹುದು:

```
jq -r '.[] | .string_list_data[0] | [.value, .timestamp] | @tsv' followers_*.json > may.tsv
```

ಇದನ್ನು ಗೂಗಲ್ ಶೀಟ್‌ನಲ್ಲಿ ಎರಡನೇ ಸಾಲಿನಿಂದ ಅಂಟಿಸಿ, ಮೊದಲ ಸಾಲು ತಲೆಬರಹಕ್ಕಿರಲಿ. ಹೊತ್ತು ಹತ್ತು ಅಂಕಿಯ ಉದ್ದ ಸಂಖ್ಯೆಯಾಗಿ ಕಾಣುತ್ತದೆ. 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಲೆಕ್ಕ ಅದು. ನಮ್ಮ ಗಡಿಯಾರಕ್ಕೆ ತರಲು ಹೀಗೆ ಬರೆಯಿರಿ, ಹೊತ್ತು B ಕಾಲಂನಲ್ಲಿದೆ ಅಂದುಕೊಳ್ಳೋಣ:

```
=B2/86400 + DATE(1970,1,1) + TIME(5,30,0)
```

ಆ ಕಾಲಂಗೆ ದಿನಾಂಕದ ಫಾರ್ಮ್ಯಾಟ್ ಕೊಟ್ಟರೆ ಯಾರು ಯಾವ ದಿನ, ಎಷ್ಟು ಗಂಟೆಗೆ ಬಂದರು ಅನ್ನುವುದು ಓದುವ ಹಾಗೆ ಕಾಣುತ್ತದೆ. ಆದರೆ ಮೂಲ ಸಂಖ್ಯೆಯನ್ನು ಅಳಿಸಬೇಡಿ. ಮುಂದೆ ಅದೇ ದೊಡ್ಡ ಸಾಕ್ಷಿ.

ಈ ಪಟ್ಟಿಯನ್ನು ಪ್ರತಿ ತಿಂಗಳು ಒಂದನೇ ತಾರೀಕು ತೆಗೆದಿಡಿ. ಕಳೆದುಹೋದ ತಿಂಗಳ ಪಟ್ಟಿ ಆಮೇಲೆ ಎಲ್ಲಿಯೂ ಸಿಗುವುದಿಲ್ಲ.

ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ

ಏಪ್ರಿಲ್ ಪಟ್ಟಿ ಒಂದು ಹಾಳೆಯಲ್ಲಿ, ಮೇ ಪಟ್ಟಿ `may` ಅಂತ ಹೆಸರಿಟ್ಟ ಇನ್ನೊಂದು ಹಾಳೆಯಲ್ಲಿ. ಏಪ್ರಿಲ್ ಹಾಳೆಯ ಪ್ರತಿ ಹೆಸರು ಮೇ ಹಾಳೆಯಲ್ಲಿ ಇದೆಯೇ ಅಂತ ಕೇಳುವ ಸೂತ್ರ ಇದು:

```
=COUNTIF(may!A:A, A2)
```

0 ಬಂದರೆ ಆ ಹೆಸರು ಈಗಿಲ್ಲ. ಹಾಗೆಯೇ ಮೇ ಹಾಳೆಯಿಂದ ಏಪ್ರಿಲ್ ಹಾಳೆಗೆ ಕೇಳಿದರೆ ಹೊಸಬರು ಸಿಗುತ್ತಾರೆ. ನಮ್ಮಲ್ಲಿ ಏಪ್ರಿಲ್‌ನಲ್ಲಿದ್ದು ಮೇನಲ್ಲಿ ಇಲ್ಲದ ಹೆಸರು 412, ಮೇನಲ್ಲಿ ಹೊಸದಾಗಿ ಕಂಡ ಹೆಸರು 147.

ಇಲ್ಲಿಗೇ ನಿಲ್ಲಿಸಿ 412 ಜನ ಬಿಟ್ಟುಹೋದರು ಅಂದರೆ ತಪ್ಪಾಗುತ್ತದೆ. ಕಾಣೆಯಾದ ಹೆಸರು ಬೇರೆ, ಹೋದ ಮನುಷ್ಯರು ಬೇರೆ. ಕೆಲವರು ಖಾತೆಯ ಹೆಸರು ಬದಲಾಯಿಸಿಕೊಳ್ಳುತ್ತಾರೆ. ಮದುವೆಯಾದವರು, ಅಂಗಡಿ ಶುರು ಮಾಡಿದವರು, ಹಳೇ ಹೆಸರು ಬೇಸರ ಬಂದವರು. ಪಟ್ಟಿಯಲ್ಲಿ ಅವರು ಒಂದು ಕಡೆ ಹೋದವರಾಗಿ, ಇನ್ನೊಂದು ಕಡೆ ಬಂದವರಾಗಿ ಎರಡು ಸಲ ಕಾಣುತ್ತಾರೆ. ಇನ್ನು ಕೆಲವರು ಪರೀಕ್ಷೆ ಇದೆ, ಮನಸ್ಸು ಸರಿಯಿಲ್ಲ ಅಂತ ಖಾತೆಯನ್ನು ಕೆಲ ದಿನ ಮುಚ್ಚಿ ಆಮೇಲೆ ತೆರೆಯುತ್ತಾರೆ.

ಇವರನ್ನು ಗುರುತಿಸುವುದು ಆ ಹತ್ತಂಕಿಯ ಹೊತ್ತಿನಿಂದ. ಹೆಸರು ಬದಲಾದರೂ ಫಾಲೋ ಮಾಡಿದ ಸೆಕೆಂಡು ಬದಲಾಗುವುದಿಲ್ಲ. 147 ಹೊಸ ಹೆಸರುಗಳನ್ನು ಹೊತ್ತಿನ ಪ್ರಕಾರ ಸಾಲಾಗಿ ಜೋಡಿಸಿದಾಗ ಒಂಬತ್ತು ಹೆಸರುಗಳ ಹೊತ್ತು ಏಪ್ರಿಲ್ 1ಕ್ಕಿಂತ ಹಿಂದಿನದಾಗಿತ್ತು. ಹೊಸಬರು ಹಳೇ ದಿನಾಂಕ ಹೊತ್ತು ಬರುವುದು ಹೇಗೆ? ಅವುಗಳಲ್ಲಿ ಏಳರ ಸೆಕೆಂಡು ಕಾಣೆಯಾದ ಏಳು ಹೆಸರುಗಳ ಸೆಕೆಂಡಿಗೆ ಸರಿಯಾಗಿ ಕೂಡಿತು. ಅವರು ಹೆಸರು ಬದಲಿಸಿಕೊಂಡವರು. ಉಳಿದ ಎರಡಕ್ಕೆ ಏಪ್ರಿಲ್ ಪಟ್ಟಿಯಲ್ಲಿ ಜೋಡಿ ಇರಲಿಲ್ಲ. ಅವರು ಏಪ್ರಿಲ್ 1ರಂದು ಖಾತೆ ಮುಚ್ಚಿದ್ದು ಮತ್ತೆ ತೆರೆದವರು. ಹಾಗಾಗಿ ನಿಜವಾಗಿ ಹೋದವರು 405, ಹೊಸದಾಗಿ ಬಂದವರು 138, ತಿರುಗಿ ಬಂದವರು 2. 5,012ರಲ್ಲಿ 405 ಕಳೆದು 140 ಕೂಡಿದರೆ 4,747. ಲೆಕ್ಕ ಕೂಡಿತು.

ಏಳು ಜನ ಅಂದರೆ ಚಿಕ್ಕ ಸಂಖ್ಯೆ ಅನ್ನಿಸಬಹುದು. ಆದರೆ ಆ ಏಳರಲ್ಲಿ ನಾಲ್ವರು ಪ್ರತಿ ತಿಂಗಳು ಪುಡಿ ತರಿಸಿಕೊಳ್ಳುವವರು. ಅವರನ್ನು ಕಳೆದುಕೊಂಡೆವು ಅಂತ ಅತ್ತಿಗೆ ಎರಡು ದಿನ ಸಪ್ಪಗಿದ್ದರು.

ಇನ್‌ಸೈಟ್ಸ್ ತೋರಿಸುವ ಅನ್‌ಫಾಲೋ ಸಂಖ್ಯೆ ನಿಮ್ಮ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಗಾಬರಿ ಬೇಡ. ಹತ್ತನೇ ತಾರೀಕು ಬಂದು ಇಪ್ಪತ್ತಕ್ಕೆ ಹೋದವರು ಎರಡು ಪಟ್ಟಿಯಲ್ಲೂ ಇರುವುದಿಲ್ಲ.

ಹೋದವರು ಯಾವ ಕಾಲದವರು?

405ನ್ನು 5,012ರಿಂದ ಭಾಗಿಸಿದರೆ ಶೇಕಡ 8. ಒಂದೇ ತಿಂಗಳಲ್ಲಿ ನೂರಕ್ಕೆ ಎಂಟು ಜನ ಹೋದರು ಅಂದರೆ ಯಾವ ವ್ಯಾಪಾರಿಗಾದರೂ ಕಳವಳ ಆಗುತ್ತದೆ. ಆದರೆ ಏಪ್ರಿಲ್ ಪಟ್ಟಿಯನ್ನು ಬಂದ ದಿನಾಂಕದ ಮೇಲೆ ಮೂರು ಗುಂಪು ಮಾಡಿದಾಗ ಚಿತ್ರವೇ ಬೇರೆಯಾಯಿತು.

ಮಾರ್ಚ್ 1ಕ್ಕಿಂತ ಮುಂಚೆ ಬಂದ ಹಳಬರು ಏಪ್ರಿಲ್ ಪಟ್ಟಿಯಲ್ಲಿ 1,880 ಜನ ಇದ್ದರು. ಅವರಲ್ಲಿ ಹೋದವರು 22, ಅಂದರೆ ನೂರಕ್ಕೆ ಒಬ್ಬರು. ರೀಲ್ ಹಾಕಿದ ಮಾರ್ಚ್ 14ರಿಂದ 23ರವರೆಗಿನ ಹತ್ತು ದಿನದಲ್ಲಿ ಬಂದವರು 2,940. ಅವರಲ್ಲಿ ಹೋದವರು 375, ನೂರಕ್ಕೆ ಸುಮಾರು ಹದಿಮೂರು. ಮಾರ್ಚ್‌ನ ಉಳಿದ ದಿನಗಳಲ್ಲಿ ಬಂದವರು 192, ಹೋದವರು 8.

ಹಾಗಾದರೆ ಅತ್ತಿಗೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಏಪ್ರಿಲ್‌ನಲ್ಲಿ ಅವರು ಹಾಕಿದ್ದು ಹುರಿಯುವುದು, ಚಿಕೋರಿ ಎಷ್ಟು ಬೆರೆಸಬೇಕು, ಫಿಲ್ಟರ್‌ನಲ್ಲಿ ಡಿಕಾಕ್ಷನ್ ಯಾಕೆ ಇಳಿಯುವುದಿಲ್ಲ, ಇಂಥವು. ಹೂವು ನೋಡಲು ಬಂದವರಿಗೆ ಅದು ಬೇಕಿರಲಿಲ್ಲ, ಹೋದರು. ಪುಡಿಗಾಗಿ ಬಂದವರು ಕದಲಲಿಲ್ಲ. ಹೂಮಳೆ ಚೆನ್ನಾಗಿ ಬಿದ್ದ ವರ್ಷವೂ ಅರಳಿದ ಹೂವೆಲ್ಲ ಕಾಯಿ ಕಟ್ಟುವುದಿಲ್ಲ, ಹೂವು ಉದುರಿತು ಅಂತ ತೋಟದವರು ಯಾರೂ ಅಳುವುದಿಲ್ಲ ಅಂತ ಅಣ್ಣ ಹೇಳಿದಾಗಲೇ ಅತ್ತಿಗೆಗೆ ಸಮಾಧಾನ ಆದದ್ದು. ನನ್ನ ಹಾಳೆಗಿಂತ ಆ ಮಾತು ಬೇಗ ತಲುಪಿತು.

ನಿಜವಾಗಿ ಗಮನಿಸಬೇಕಾದ್ದು ಆ 22 ಜನರನ್ನು. ಹಳಬರಲ್ಲಿ ತಿಂಗಳಿಗೆ ನೂರಕ್ಕೊಬ್ಬರು ಹೋಗುವುದು ನಮ್ಮ ಪುಟದ ವಾಡಿಕೆ. ಅದು ನೂರಕ್ಕೆ ಮೂರೋ ನಾಲ್ಕೋ ಆದ ದಿನ ಒಟ್ಟು ಸಂಖ್ಯೆ ಏರುತ್ತಿದ್ದರೂ ನಾನು ಕೂತು ಯೋಚಿಸುತ್ತೇನೆ. ನಿಮ್ಮ ಪುಟದ ವಾಡಿಕೆ ಬೇರೆ ಇರಬಹುದು. ಮೂರು ನಾಲ್ಕು ತಿಂಗಳ ಪಟ್ಟಿ ಕೂಡಿದ ಮೇಲೆ ಅದು ತಾನೇ ತಿಳಿಯುತ್ತದೆ. ಬೇರೆಯವರ ಪುಟದ ಶೇಕಡಾವಾರು ತಂದು ಹೋಲಿಸಬೇಡಿ.

ಒಂದು ಮಿತಿ ಇದೆ. ಪಟ್ಟಿ ಹೇಳುವುದು ಯಾವಾಗ ಬಂದರು ಅನ್ನುವುದನ್ನು, ಯಾವಾಗ ಹೋದರು ಅನ್ನುವುದನ್ನಲ್ಲ. ಯಾವ ಪೋಸ್ಟ್ ನೋಡಿ ಹೋದರು ಅಂತ ತಿಳಿಯಬೇಕಾದರೆ ಅಂಥ ವಾರಗಳಲ್ಲಿ ವಾರಕ್ಕೊಂದು ಪಟ್ಟಿ ತೆಗೆಯಬೇಕು. ಬೆಲೆ ಏರಿಸಿದ ವಾರ, ಸಾಲಾಗಿ ಆಫರ್ ಹಾಕಿದ ವಾರ, ಹೀಗೆ. ಉಳಿದಂತೆ ತಿಂಗಳ ಪಟ್ಟಿಯೇ ಸಾಕು.

ಪೋಸ್ಟ್ ಹಾಕದಿದ್ದರೆ ಯಾರೂ ಹೋಗುವುದಿಲ್ಲ

ಜೂನ್‌ನಲ್ಲಿ ಮಳೆ ಜೋರು. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ತಿಂಗಳಲ್ಲಿ ಬರೀ ಮೂರು ಪೋಸ್ಟ್ ಹಾಕಿದೆವು. ಜುಲೈ 1ರ ಪಟ್ಟಿ ನೋಡಿದರೆ ಹಳಬರಲ್ಲಿ ಹೋದವರು 6 ಮಾತ್ರ. ಮೇ ತಿಂಗಳಲ್ಲಿ ಅದು 19 ಇತ್ತು. ಪುಟ ಸುಧಾರಿಸಿದೆ ಅಂತ ಅಂದುಕೊಳ್ಳುವುದು ಇಲ್ಲೇ.

ಜನ ಅನ್‌ಫಾಲೋ ಮಾಡುವುದು ನೀವು ಕಣ್ಣಿಗೆ ಬಿದ್ದಾಗ. ಕಾಣದ ಪುಟವನ್ನು ಹುಡುಕಿಕೊಂಡು ಬಂದು ಬಿಡುವವರು ಕಡಿಮೆ. ಹಾಗಾಗಿ ಹೋದವರ ಸಂಖ್ಯೆಯನ್ನು ಹಾಕಿದ ಪೋಸ್ಟ್‌ಗಳ ಸಂಖ್ಯೆಯೊಂದಿಗೆ ಸೇರಿಸಿ ಓದಬೇಕು. ಮೇನಲ್ಲಿ 14 ಪೋಸ್ಟ್, ಹೋದ ಹಳಬರು 19. ಜೂನ್‌ನಲ್ಲಿ 3 ಪೋಸ್ಟ್, ಹೋದವರು 6. ಜುಲೈನಲ್ಲಿ 12 ಪೋಸ್ಟ್, ಹೋದವರು 21. ಒಂದು ಪೋಸ್ಟ್‌ಗೆ ಒಂದೂವರೆಗಿಂತ ಸ್ವಲ್ಪ ಕಡಿಮೆ, ಎರಡು, ಒಂದೂಮುಕ್ಕಾಲು. ಇಷ್ಟು ಚಿಕ್ಕ ಸಂಖ್ಯೆಗಳಲ್ಲಿ ಈ ಮೂರೂ ಒಂದೇ ಅಂತ ತಿಳಿಯಬೇಕು. ಜೂನ್‌ನಲ್ಲಿ ಏನೂ ಸುಧಾರಿಸಿರಲಿಲ್ಲ, ಜುಲೈನಲ್ಲಿ ಏನೂ ಕೆಟ್ಟಿರಲಿಲ್ಲ.

ಅನ್‌ಫಾಲೋ ಹೆದರಿಕೆಯಿಂದ ಪೋಸ್ಟ್ ಕಡಿಮೆ ಮಾಡುವವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಸಂಖ್ಯೆ ನಿಂತಲ್ಲೇ ನಿಲ್ಲುತ್ತದೆ, ವ್ಯಾಪಾರವೂ ನಿಲ್ಲುತ್ತದೆ.

ಎಚ್ಚರ ಇರುವವರ ಪಾಲು

ಈಗ ಕಷ್ಟದ ಭಾಗ. 4,747 ಜನರಲ್ಲಿ ನಮ್ಮನ್ನು ನಿಜವಾಗಿ ನೋಡುತ್ತಿರುವವರು ಎಷ್ಟು? ಇನ್‌ಸೈಟ್ಸ್‌ನಲ್ಲಿ ಫಾಲೋವರ್‌ಗಳಿಂದ ಎಷ್ಟು ಪಾಲು ವೀಕ್ಷಣೆ, ಹೊರಗಿನವರಿಂದ ಎಷ್ಟು ಅಂತ ಇರುತ್ತದೆ. ಅಂದಾಜಿಗೆ ಒಳ್ಳೆಯದೇ. ಆದರೆ ಅಲ್ಲಿಯೂ ಹಳಬರು, ಹೂವಿನವರು ಅಂತ ಬೇರೆ ಮಾಡಲು ಬರುವುದಿಲ್ಲ. ಅದಕ್ಕೆ ನಾವು ಮಾಡಿದ್ದು ಮಾದರಿ ಎಣಿಕೆ. ಅನ್ನ ಬೆಂದಿದೆಯೇ ಅಂತ ಒಂದಗುಳು ಹಿಸುಕಿ ನೋಡಿದ ಹಾಗೆ, ಆದರೆ ಇಲ್ಲಿ ಒಂದಗುಳು ಸಾಲದು.

ಮೇ ಪಟ್ಟಿಯ ಎರಡು ದೊಡ್ಡ ಗುಂಪುಗಳಿಂದ ತಲಾ 50 ಹೆಸರು ತೆಗೆಯಬೇಕು. ಕಣ್ಣಿಗೆ ಕಂಡವರನ್ನು ಆರಿಸಬಾರದು, ಗೊತ್ತಿರುವ ಹೆಸರೇ ಕೈಗೆ ಬರುತ್ತವೆ. ಪಕ್ಕದ ಕಾಲಂನಲ್ಲಿ `=RAND()` ಹಾಕಿ, ಆ ಕಾಲಂನ ಪ್ರಕಾರ ಸಾಲು ಜೋಡಿಸಿ, ಮೇಲಿನ 50 ತೆಗೆದುಕೊಳ್ಳಿ. ಆ ನೂರು ಹೆಸರನ್ನು ಅಕಾರಾದಿಯಾಗಿ ಕಾಗದಕ್ಕೆ ಪ್ರಿಂಟ್ ಮಾಡಿಸಿ. ಯಾರು ಯಾವ ಗುಂಪು ಅಂತ ಕಾಗದದ ಮೇಲೆ ಬರೆಯಬೇಡಿ. ಹಳಬರು ಅಂತ ಗೊತ್ತಾದರೆ ಪೆನ್ನು ತಾನಾಗಿಯೇ ಅತ್ತ ವಾಲುತ್ತದೆ.

ಮುಂದಿನ 30 ದಿನ ಈ ನೂರು ಜನರಲ್ಲಿ ಯಾರು ಏನಾದರೂ ಒಂದು ಮಾಡಿದರೆ ಅವರ ಹೆಸರಿನ ಮುಂದೆ ಟಿಕ್. ಸ್ಟೋರಿ ನೋಡುವುದು, ಲೈಕ್, ಕಮೆಂಟ್, ಪೋಲ್‌ನಲ್ಲಿ ಉತ್ತರ, ಮೆಸೇಜ್, ಯಾವುದಾದರೂ ಸರಿ. ಸ್ಟೋರಿ ನೋಡಿದವರ ಪಟ್ಟಿ ಹಾಕಿದ ಹೊತ್ತಿನಿಂದ 48 ಗಂಟೆಯವರೆಗೆ ಮಾತ್ರ ಸಿಗುತ್ತದೆ, ಆಮೇಲೆ ಹೆಸರುಗಳು ಹೋಗಿಬಿಡುತ್ತವೆ. ನಾನು ಫೋನಿನ ಸ್ಕ್ರೀನ್ ರೆಕಾರ್ಡಿಂಗ್ ಹಾಕಿಕೊಂಡು ಪಟ್ಟಿಯನ್ನು ನಿಧಾನವಾಗಿ ಕೊನೆಯವರೆಗೆ ಸರಿಸುತ್ತಿದ್ದೆ. ಸಂಜೆ ಅತ್ತಿಗೆ ಜಗಲಿಯಲ್ಲಿ ಕೂತು ಆ ವಿಡಿಯೊ ನಿಲ್ಲಿಸಿ ನಿಲ್ಲಿಸಿ ಓದುತ್ತಿದ್ದರು, ನಾನು ಕಾಗದದಲ್ಲಿ ಹುಡುಕಿ ಟಿಕ್ ಹಾಕುತ್ತಿದ್ದೆ. ಒಂದು ಸ್ಟೋರಿಗೆ ಮುಕ್ಕಾಲು ಗಂಟೆ. ತಿಂಗಳಲ್ಲಿ ಆರು ಸ್ಟೋರಿ ಹೀಗೆ ಮಾಡಿದೆವು, ವಾರದ ಬೇರೆ ಬೇರೆ ದಿನ.

ತಿಂಗಳ ಕೊನೆಗೆ ಗುಂಪು ಬಿಡಿಸಿ ನೋಡಿದರೆ ಹಳಬರ 50ರಲ್ಲಿ 21 ಟಿಕ್, ಹೂವಿನವರ 50ರಲ್ಲಿ 3.

50 ಚಿಕ್ಕ ಮಾದರಿ. ಹಳಬರಲ್ಲಿ ಶೇಕಡ 42 ಅಂತ ಬಂದರೂ ನಿಜ ಸಂಖ್ಯೆ 30ರಿಂದ 55ರ ನಡುವೆ ಎಲ್ಲಿಯಾದರೂ ಇರಬಹುದು. ಹೂವಿನವರಲ್ಲಿ ಶೇಕಡ 6 ಅಂತ ಬಂದದ್ದು 2ರಿಂದ 16ರ ನಡುವೆ ಇರಬಹುದು. ಆದರೆ ಈ ಎರಡು ಹರವುಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಆದ್ದರಿಂದ ಎರಡು ಗುಂಪು ಬೇರೆ ಬೇರೆ ಅನ್ನುವುದು ಖಚಿತ.

ಈಗ ಪೂರ್ತಿ ಗುಂಪಿಗೆ ಹಾಕಿ ನೋಡೋಣ. ಉಳಿದ ಹಳಬರು 1,858, ಅದರ ಶೇಕಡ 42 ಸುಮಾರು 780. ಉಳಿದ ಹೂವಿನವರು 2,565, ಅದರ ಶೇಕಡ 6 ಸುಮಾರು 154. ಕೂಡಿದರೆ 934. ಚಿಕ್ಕ ಗುಂಪುಗಳನ್ನು ಬಿಟ್ಟರೆ ಎಚ್ಚರ ಇರುವವರ ಪಾಲು ಶೇಕಡ 21. ಹಳಬರು ಮಾತ್ರ ಇದ್ದಿದ್ದರೆ ಅದು 42 ಇರುತ್ತಿತ್ತು. ಪಾಲು ಅರ್ಧಕ್ಕೆ ಬಿತ್ತು ಅಂತ ಯಾರಾದರೂ ಹೇಳಿದರೆ ಅದು ಸುಳ್ಳಲ್ಲ. ಆದರೆ ತಲೆ ಎಣಿಸಿದರೆ 780 ಇದ್ದದ್ದು 934 ಆಗಿದೆ. ರೀಲ್‌ನಿಂದ ನಮಗೆ ಸಿಕ್ಕಿದ್ದು ಮೂರು ಸಾವಿರ ಜನ ಅಲ್ಲ, ನಷ್ಟವೂ ಅಲ್ಲ, ಸುಮಾರು ನೂರೈವತ್ತು ಜನ. ಪಾಲನ್ನು ಮಾತ್ರ ನೋಡುವವರು ಒಳ್ಳೆಯ ರೀಲ್ ಮಾಡಿದ್ದಕ್ಕೆ ಪಶ್ಚಾತ್ತಾಪ ಪಡುತ್ತಾರೆ. ಒಟ್ಟು ಸಂಖ್ಯೆ ಮಾತ್ರ ನೋಡುವವರು ಇನ್ನು ವರ್ಷಪೂರ್ತಿ ಹೂವು, ಮಂಜು, ಜಲಪಾತ ಅಂತಲೇ ಹಾಕಿ ಪುಡಿ ಮಾರುವುದನ್ನು ಮರೆಯುತ್ತಾರೆ. ನಮ್ಮ ಪುಸ್ತಕದಲ್ಲಿ ಪಾಲು, ತಲೆ ಎರಡನ್ನೂ ಅಕ್ಕಪಕ್ಕ ಬರೆಯುತ್ತೇವೆ.

ಮುಖ ನೋಡಿ ಸುಳ್ಳು ಖಾತೆ ಅನ್ನಬೇಡಿ

ಫೋಟೊ ಇಲ್ಲ, ಪೋಸ್ಟ್ ಇಲ್ಲ, ಹೆಸರಿನ ಕೊನೆಗೆ ಎಂಟು ಅಂಕಿ, ಸಾವಿರಾರು ಜನರನ್ನು ಫಾಲೋ ಮಾಡಿದ್ದಾರೆ, ಇಂಥವು ಸುಳ್ಳು ಖಾತೆಯ ಲಕ್ಷಣ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ. ಮಾದರಿಯ ನೂರು ಜನರ ಪ್ರೊಫೈಲ್ ತೆರೆದು ನೋಡಿದ ಮೇಲೆ ಮನಸ್ಸು ಬದಲಾಯಿತು. ನಮ್ಮ ಕಡೆ ಎಷ್ಟೋ ಹಿರಿಯರು ಮೊಮ್ಮಕ್ಕಳು ಮಾಡಿಕೊಟ್ಟ ಖಾತೆಯಲ್ಲಿ ಸುಮ್ಮನೆ ನೋಡುತ್ತಾರೆ. ಒಂದು ಪೋಸ್ಟ್ ಕೂಡ ಹಾಕಿರುವುದಿಲ್ಲ, ಫೋಟೊ ಜಾಗದಲ್ಲಿ ಗುಲಾಬಿಯೋ ದೇವರೋ ಇರುತ್ತದೆ. ಹಾಸನದಿಂದ ತಿಂಗಳಿಗೆ ಎರಡು ಕೆಜಿ ತರಿಸುವ ಒಬ್ಬರ ಖಾತೆ ಹೀಗೆಯೇ ಇದೆ, ಹೆಸರಿನಲ್ಲಿ ಆರು ಅಂಕಿ. ಲಕ್ಷಣ ನೋಡಿ ತೆಗೆದಿದ್ದರೆ ಅವರೇ ಮೊದಲು ಹೋಗುತ್ತಿದ್ದರು.

ಖಾತೆಯ ಮುಖಕ್ಕಿಂತ ಬಂದ ಹೊತ್ತು ಹೆಚ್ಚು ನಂಬಿಕೆಯ ಸಾಕ್ಷಿ. ಪರಿಚಯದವರ ಹೋಂಸ್ಟೇ ಪುಟವೊಂದನ್ನು ನಾನು ನೋಡಿಕೊಡುತ್ತಿದ್ದಾಗ, ಪ್ರಚಾರ ಮಾಡಿಕೊಡುತ್ತೇವೆ ಅಂದವರಿಗೆ ಅವರು ದುಡ್ಡು ಕೊಟ್ಟಿದ್ದರು. ನಾನೂ ತಡೆಯಲಿಲ್ಲ. ವಾರದಲ್ಲಿ ಆರುನೂರು ಚಿಲ್ಲರೆ ಫಾಲೋವರ್ ಬಂದರು, ಎಲ್ಲರಿಗೂ ಖುಷಿ. ಪಟ್ಟಿ ತೆಗೆದು ಹೊತ್ತು ನೋಡಿದರೆ ಅವರಲ್ಲಿ ಹೆಚ್ಚಿನವರು ಒಂದೇ ರಾತ್ರಿ ಎರಡರಿಂದ ಐದು ಗಂಟೆಯ ನಡುವೆ, ಕೆಲವೇ ಸೆಕೆಂಡುಗಳ ಅಂತರದಲ್ಲಿ ಬಂದಿದ್ದರು. ಆ ರಾತ್ರಿ ಪುಟದ ಯಾವ ಪೋಸ್ಟ್‌ನ ವೀಕ್ಷಣೆಯೂ ಏರಿರಲಿಲ್ಲ. ನೋಡದೆ ಫಾಲೋ ಮಾಡುವ ಮನುಷ್ಯರು ಎಲ್ಲಿದ್ದಾರೆ? ಹೂವಿನ ರೀಲ್‌ಗೆ ಬಂದವರು ಹಾಗಲ್ಲ. ಬೆಳಿಗ್ಗೆ ಏಳರಿಂದ ರಾತ್ರಿ ಹನ್ನೊಂದರವರೆಗೆ ಹರಡಿಕೊಂಡು, ಊಟದ ಹೊತ್ತಿಗೂ ರಾತ್ರಿ ಒಂಬತ್ತಕ್ಕೂ ಹೆಚ್ಚಾಗಿ, ರೀಲ್‌ನ ವೀಕ್ಷಣೆ ಏರಿದ ದಿನಗಳಲ್ಲೇ ಬಂದಿದ್ದರು. ಅವರು ನಿಜವಾದ ಜನ, ನಮ್ಮ ಗಿರಾಕಿಗಳಲ್ಲ ಅಷ್ಟೆ.

ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಕೊಂಡ ಖಾತೆಗಳನ್ನು ಫಾಲೋವರ್ ಪಟ್ಟಿಯಿಂದ ಒಂದೊಂದಾಗಿ ತೆಗೆಯಬಹುದು, ತೆಗೆದದ್ದು ಅವರಿಗೆ ತಿಳಿಸಲಾಗುವುದಿಲ್ಲ. ಒಂದೇ ದಿನ ನೂರಾರು ತೆಗೆಯಲು ಹೋಗಬೇಡಿ, ಖಾತೆಯ ಮೇಲೆ ತಾತ್ಕಾಲಿಕ ತಡೆ ಬೀಳಬಹುದು. ಮಲಗಿರುವ ನಿಜವಾದ ಜನರನ್ನು ಮಾತ್ರ ನಾನು ತೆಗೆಯುವುದಿಲ್ಲ. ಮುಂದಿನ ಸಂಕ್ರಾಂತಿಗೆ ಚಿಕ್ಕಮಗಳೂರಿಗೆ ಪ್ರವಾಸ ಬಂದಾಗ ಅವರಲ್ಲಿ ಯಾರೋ ಒಬ್ಬರಿಗೆ ನಮ್ಮ ನೆನಪಾಗಬಹುದು. ಬಿಟ್ಟುಹೋದವರಿಗೆ "ಯಾಕೆ ಬಿಟ್ಟಿರಿ" ಅಂತ ಮೆಸೇಜ್ ಮಾಡುವುದೂ ಬೇಡ. ಆ ಪಟ್ಟಿ ನಿಮ್ಮ ಲೆಕ್ಕಕ್ಕೆ ಮಾತ್ರ. ಅದನ್ನು ಗ್ರೂಪ್‌ಗಳಲ್ಲಿ ಹಂಚಿಕೊಳ್ಳುವುದಂತೂ ಕೂಡದು.

ಆಗಸ್ಟ್ 1ರ ಲೆಕ್ಕ

ಹೂವಿನ ಗುಂಪಿನಲ್ಲಿ ಏಪ್ರಿಲ್‌ನಲ್ಲಿ 375, ಮೇನಲ್ಲಿ 241, ಜೂನ್‌ನಲ್ಲಿ 96, ಜುಲೈನಲ್ಲಿ 110 ಜನ ಹೋದರು. 2,940ರಲ್ಲಿ ಉಳಿದವರು 2,118. ಜುಲೈನಲ್ಲಿ ಹೊಸದಾಗಿ 50 ಹೆಸರು ತೆಗೆದು ಮತ್ತೆ ಟಿಕ್ ಹಾಕಿದೆವು. ಈ ಸಲ 7 ಬಂತು.

ಮೂರು ಇದ್ದದ್ದು ಏಳು. ಅತ್ತಿಗೆ ಖುಷಿಯಿಂದ "ಎರಡರಷ್ಟು ಜಾಸ್ತಿ ಆಯ್ತಲ್ಲ!" ಅಂದರು. ನನಗೂ ಹಾಗೆ ಬರೆದುಬಿಡುವ ಆಸೆ ಇತ್ತು. ಬೇಡದವರು ಹೋಗುತ್ತಾ ಹೋದಂತೆ ಉಳಿದವರಲ್ಲಿ ಆಸಕ್ತಿ ಇರುವವರ ಪಾಲು ಏರುವುದು ಸಹಜವೂ ಹೌದು. ಆದರೆ 50ರಲ್ಲಿ 3 ಮತ್ತು 50ರಲ್ಲಿ 7 ಇವೆರಡರ ನಡುವಿನ ವ್ಯತ್ಯಾಸ ಬರೀ ಹೆಸರು ಎತ್ತಿದ ಅದೃಷ್ಟದಿಂದಲೂ ಬರಬಹುದು. ಶೇಕಡ 14ರ ಹರವು 7ರಿಂದ 26ರವರೆಗೆ ಹೋಗುತ್ತದೆ, ಹಿಂದಿನದರ ಹರವಿನೊಂದಿಗೆ ಕಲೆಯುತ್ತದೆ. ಹಾಗಾಗಿ ಪುಸ್ತಕದಲ್ಲಿ 7 ಅಂತ ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಮಳೆ ಕಡಿಮೆಯಾದ ಮೇಲೆ ಅಕ್ಟೋಬರ್‌ನಲ್ಲಿ ಈ ಗುಂಪಿನಿಂದ 150 ಹೆಸರು ತೆಗೆಯುತ್ತೇವೆ. ಅಷ್ಟು ಹೆಸರಿಗೆ ಟಿಕ್ ಹಾಕಲು ಜಗಲಿಯಲ್ಲಿ ಇನ್ನೊಬ್ಬರು ಬೇಕು, ಅಣ್ಣ ಒಪ್ಪಿದ್ದಾರೆ.